ಅಡ್ವಾನ್ಸ್ ಬಂದ ದಿನ ಮಾರಾಟ ಆಗಿರುವುದಿಲ್ಲ: ಡೆಸ್ಕಿನ ಒಂದು ಆರ್ಡರ್, ಮೂರು ಲೆಕ್ಕ

ಹುಬ್ಬಳ್ಳಿಯಲ್ಲಿ ಶಾಲೆಗಳಿಗೆ ಡೆಸ್ಕು, ಬೆಂಚು ಮಾಡಿಕೊಡುವ ಒಂದು ಪಾಲುದಾರಿಕೆ ಸಂಸ್ಥೆ ಇದೆ ಅಂತ ಇಟ್ಟುಕೊಳ್ಳಿ. ಫೆಬ್ರುವರಿಯಲ್ಲಿ ವಿಜಯಪುರದ ಒಂದು ಖಾಸಗಿ ಶಾಲೆ 200 ಡೆಸ್ಕಿಗೆ ಆರ್ಡರ್ ಕೊಡುತ್ತದೆ. ಒಂದಕ್ಕೆ 5,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಒಟ್ಟು 10 ಲಕ್ಷ, ತೆರಿಗೆ 1 ಲಕ್ಷ 80 ಸಾವಿರ. ಶಾಲೆ ಶುರುವಾಗುವ ಹೊತ್ತಿಗೆ ಎಲ್ಲ ಡೆಸ್ಕೂ ಬಂದಿರಬೇಕು. ಫೆಬ್ರುವರಿ 20ಕ್ಕೆ ಶಾಲೆ 5 ಲಕ್ಷ ಅಡ್ವಾನ್ಸ್ ಹಾಕುತ್ತದೆ. ಪ್ರತಿ ಸಲ ಮಾಲು ಬಂದಾಗ ಬಿಲ್ಲಿನಲ್ಲಿ ಡೆಸ್ಕಿಗೆ 2,500ರಂತೆ ಅಡ್ವಾನ್ಸ್ ಮುರಿದುಕೊಳ್ಳಬೇಕು ಅನ್ನುವುದು ಒಪ್ಪಂದ.

ಆ ದಿನ ಬ್ಯಾಂಕಿನಿಂದ ಮೆಸೇಜ್ ಬರುತ್ತದೆ. ಮಾಲೀಕರಿಗೆ ಖುಷಿ. ಅಕೌಂಟ್ಸ್ ನೋಡಿಕೊಳ್ಳುವ ಹುಡುಗ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದು, ಬ್ಯಾಂಕಿಗೆ 5 ಲಕ್ಷ ಜಮಾ, ಎದುರಿಗೆ ಸೇಲ್ಸ್ ಅಂತ ಒಂದು ಎಂಟ್ರಿ ಹೊಡೆಯುತ್ತಾನೆ. ದುಡ್ಡು ಬಂದಿದೆ, ಆರ್ಡರ್ ಪಕ್ಕಾ ಇದೆ, ಇನ್ನೇನು ಬೇಕು ಅಲ್ವಾ?

ಇನ್ನೊಂದು ಬೇಕು. ಡೆಸ್ಕು ಶಾಲೆಗೆ ಹೋಗಬೇಕು. ಫೆಬ್ರುವರಿ 20ರಂದು ಒಂದೇ ಒಂದು ಡೆಸ್ಕೂ ತಯಾರಾಗಿಲ್ಲ. ಆವತ್ತು ರಾತ್ರಿ ವರ್ಕ್‌ಶಾಪ್ ಮುಚ್ಚಿಹೋದರೆ ಈ 5 ಲಕ್ಷ ವಾಪಸ್ ಕೊಡಬೇಕಾಗುತ್ತದೆ. ಕೊಡಬೇಕಾದ ದುಡ್ಡು ಅಂದರೆ ಸಾಲ. ಬ್ಯಾಂಕಿನ ಸಾಲವನ್ನು ದುಡ್ಡಿನಲ್ಲಿ ತೀರಿಸುತ್ತೇವೆ, ಇದನ್ನು ಡೆಸ್ಕಿನಲ್ಲಿ ತೀರಿಸುತ್ತೇವೆ, ವ್ಯತ್ಯಾಸ ಅಷ್ಟೇ. ಅದಕ್ಕೇ ಬ್ಯಾಲೆನ್ಸ್ ಶೀಟಿನಲ್ಲಿ ಇದರ ಜಾಗ ಹೊಣೆಗಳ ಕಡೆ, 'ಗ್ರಾಹಕರಿಂದ ಬಂದ ಮುಂಗಡ' ಅನ್ನುವ ಸಾಲಿನಲ್ಲಿ. ಲಾಭ-ನಷ್ಟದ ಪಟ್ಟಿಗೂ ಇದಕ್ಕೂ ಆವತ್ತಿಗೆ ಸಂಬಂಧವೇ ಇಲ್ಲ.

ಇಷ್ಟು ಯಾವ ಬಿ.ಕಾಂ. ವಿದ್ಯಾರ್ಥಿಗೂ ಗೊತ್ತಿರುತ್ತದೆ. ಆದರೂ ತಪ್ಪು ಮತ್ತೆ ಮತ್ತೆ ಆಗುತ್ತದೆ. ಒಂದು ಕಾರಣ ಗೊಂದಲ. ಇದೇ 5 ಲಕ್ಷವನ್ನು ಲೆಕ್ಕಪತ್ರ ಒಂದು ರೀತಿ ನೋಡುತ್ತದೆ, ಆದಾಯ ತೆರಿಗೆ ಹೆಚ್ಚುಕಡಿಮೆ ಅದೇ ರೀತಿ ನೋಡುತ್ತದೆ, ಜಿಎಸ್‌ಟಿ ಮಾತ್ರ ತನ್ನದೇ ರೀತಿಯಲ್ಲಿ ನೋಡುತ್ತದೆ. ಜಿಎಸ್‌ಟಿಯಲ್ಲಿ ಅಡ್ವಾನ್ಸಿಗೆ ತೆರಿಗೆ ಅಂತ ಎಲ್ಲೋ ಕೇಳಿದವರು, ತೆರಿಗೆ ಕಟ್ಟಿದ ಮೇಲೆ ಅದು ಮಾರಾಟವೇ ಅಂದುಕೊಳ್ಳುತ್ತಾರೆ. ಇನ್ನೊಂದು ಕಾರಣ ಆಸೆ. ಸಣ್ಣ ಉದ್ಯಮಗಳಿಗೆ ದುಡಿಯುವ ಬಂಡವಾಳದ ಸಾಲದ ಮಿತಿಯನ್ನು ಬ್ಯಾಂಕುಗಳು ಅಂದಾಜು ವಹಿವಾಟಿನ ಶೇ 20ರ ಲೆಕ್ಕದಲ್ಲಿ ಕೊಡುವ ಪದ್ಧತಿ ಇದೆ. ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿಯ ಕಾಲದಿಂದ ಬಂದದ್ದು ಅದು. ಮಾರ್ಚ್ ಕೊನೆಗೆ ಸೇಲ್ಸ್ ಸ್ವಲ್ಪ ಜಾಸ್ತಿ ಕಂಡರೆ ಒಳ್ಳೆಯದು ಅನ್ನಿಸುವುದು ಸಹಜ.

ಮಾರ್ಚ್ 31ರ ಲೆಕ್ಕ

ಮುಂದೇನಾಯಿತು ನೋಡೋಣ. ಮಾರ್ಚ್ 27ಕ್ಕೆ 80 ಡೆಸ್ಕು ಶಾಲೆಗೆ ತಲುಪಿದವು. ಬಿಲ್ಲು 4 ಲಕ್ಷ, ಜಿಎಸ್‌ಟಿ 72 ಸಾವಿರ, ಒಟ್ಟು 4,72,000. ಒಂದು ಡೆಸ್ಕಿಗೆ ಮರ, ಕಬ್ಬಿಣದ ಪೈಪು, ಬಣ್ಣ, ಕೂಲಿ ಎಲ್ಲ ಸೇರಿ 3,800 ಖರ್ಚು ಬಿದ್ದಿದೆ ಅನ್ನಿ. ಹಾಗಾದರೆ ಈ ಆರ್ಡರಿನಿಂದ ವರ್ಷದ ಮಾರಾಟ 4 ಲಕ್ಷ, ವೆಚ್ಚ 3,04,000, ಲಾಭ 96 ಸಾವಿರ. ಅಡ್ವಾನ್ಸಿನಲ್ಲಿ 80 ಡೆಸ್ಕಿಗೆ 2,500ರಂತೆ 2 ಲಕ್ಷ ಮುರಿಯಿತು. ಉಳಿದ 3 ಲಕ್ಷ ಹೊಣೆಯಾಗಿಯೇ ಮುಂದಿನ ವರ್ಷಕ್ಕೆ ಹೋಗುತ್ತದೆ. ಬಿಲ್ಲಿನಲ್ಲಿ ಶಾಲೆ ಇನ್ನೂ ಕೊಡಬೇಕಾದ್ದು 2,72,000.

ಈಗ ಹುಡುಗನ ಎಂಟ್ರಿಗೆ ಬನ್ನಿ. ಫೆಬ್ರುವರಿಯಲ್ಲಿ 5 ಲಕ್ಷ ಸೇಲ್ಸಿಗೆ ಹೋಗಿದೆ. ಮಾರ್ಚಿನಲ್ಲಿ ಬಿಲ್ಲು ಮಾಡಿದಾಗ ಟ್ಯಾಲಿ ತಾನಾಗಿಯೇ ಮತ್ತೆ 4 ಲಕ್ಷವನ್ನು ಸೇಲ್ಸಿಗೆ ಹಾಕುತ್ತದೆ. ಒಟ್ಟು 9 ಲಕ್ಷ. ವೆಚ್ಚ ಮಾತ್ರ ಅದೇ 3,04,000. ಲಾಭ 96 ಸಾವಿರದ ಬದಲು 5,96,000. ಇಲ್ಲದ 5 ಲಕ್ಷ ಲಾಭಕ್ಕೆ ಪಾಲುದಾರಿಕೆ ಸಂಸ್ಥೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್ ಕಟ್ಟಬೇಕು. ಒಟ್ಟು 1,56,000 ರೂಪಾಯಿ. ತಪ್ಪು ಗೊತ್ತಾಗದೇ ಹೋದರೆ ಈ ದುಡ್ಡು ಹೋದಂತೆಯೇ.

ಕೆಲವು ಕಡೆ ಇದರ ಇನ್ನೊಂದು ರೂಪ ಇರುತ್ತದೆ. ಅಡ್ವಾನ್ಸನ್ನು ಸೇಲ್ಸಿಗೆ ಹಾಕಿದ್ದಾರೆ, ಆಮೇಲೆ ಬಾಕಿ ಮೊತ್ತಕ್ಕೆ ಮಾತ್ರ ಬಿಲ್ಲು ಮಾಡಿದ್ದಾರೆ. ಕೊನೆಗೆ ಒಟ್ಟು ಮೊತ್ತ ಸರಿಹೋಗುತ್ತದೆ, ಎರಡು ಸಲ ಎಣಿಸಿದಂತಾಗುವುದಿಲ್ಲ. ಆದರೆ ವರ್ಷ ತಪ್ಪುತ್ತದೆ. ಜೊತೆಗೆ ಜಿಎಸ್‌ಟಿ ಬಿಲ್ಲು ಮಾಲಿನ ಪೂರ್ತಿ ಬೆಲೆಗೆ ಇರಬೇಕು, ಅಡ್ವಾನ್ಸ್ ಕಳೆದು ಉಳಿದದ್ದಕ್ಕಲ್ಲ. ಅರ್ಧ ಬೆಲೆಗೆ ಬಿಲ್ಲು ಮಾಡಿದರೆ ಅರ್ಧ ತೆರಿಗೆ ತಪ್ಪಿಸಿದ ಹಾಗೆ ಆಗುತ್ತದೆ.

ಹುಡುಗನ ತಪ್ಪನ್ನು ಹಿಡಿಯುವುದು ಕಷ್ಟವಲ್ಲ. ಶಾಲೆಯ ಲೆಡ್ಜರ್ ತೆಗೆದು ನೋಡಿ. ಅಡ್ವಾನ್ಸ್ ನೇರವಾಗಿ ಸೇಲ್ಸಿಗೆ ಹೋಗಿದ್ದರೆ ಆ ಲೆಡ್ಜರಿನಲ್ಲಿ 5 ಲಕ್ಷದ ಸುಳಿವೇ ಇರುವುದಿಲ್ಲ. ಶಾಲೆ ಪೂರ್ತಿ 4,72,000 ಬಾಕಿ ಇದೆ ಅಂತ ತೋರಿಸುತ್ತದೆ. ಬಾಕಿ ಕೇಳಲು ಫೋನ್ ಮಾಡಿದರೆ ಆ ಕಡೆಯವರು, "ಸರ್, ಫೆಬ್ರುವರಿಯಲ್ಲೇ ಐದು ಲಕ್ಷ ಹಾಕಿದ್ದೀವಲ್ಲ, ಅದೆಲ್ಲಿ ಹೋಯ್ತು?" ಅಂತಾರೆ. ಅಲ್ಲಿಗೆ ವಿಷಯ ಗೊತ್ತಾಯಿತು. ಇನ್ನೊಂದು ಗುರುತೂ ಇದೆ. ಪುಸ್ತಕದಲ್ಲಿ ಸೇಲ್ಸ್ 9 ಲಕ್ಷ, ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ 4 ಲಕ್ಷ. ಎರಡರ ಅಂತರ ಸರಿಯಾಗಿ ಅಡ್ವಾನ್ಸಿನಷ್ಟೇ ಇದ್ದರೆ ಬೇರೆ ಕಡೆ ಹುಡುಕುವುದೇ ಬೇಡ.

ಸರಿಯಾಗಿ ಬರೆಯುವುದೂ ಸುಲಭವೇ. ಟ್ಯಾಲಿಯಲ್ಲಿ ರಸೀದಿ ವೋಚರ್ ಹಾಕುವಾಗ ಸೇಲ್ಸ್ ಮುಟ್ಟದೆ ಶಾಲೆಯ ಲೆಡ್ಜರಿಗೇ ಜಮಾ ಮಾಡಬೇಕು. ಬಿಲ್ಲುವಾರು ವಿವರ ಕೇಳಿದಾಗ `Advance` ಆರಿಸಿ, ಆರ್ಡರ್ ಸಂಖ್ಯೆಯನ್ನೇ ಹೆಸರಾಗಿ ಕೊಡಬೇಕು. ಬಿಲ್ಲು ಮಾಡುವಾಗ 2 ಲಕ್ಷವನ್ನು `Agst Ref` ಅಂತ ಅದೇ ಆರ್ಡರಿಗೆ ಹೊಂದಿಸಿ, ಉಳಿದ 2,72,000ಕ್ಕೆ `New Ref` ಕೊಡಬೇಕು. ಸುಮ್ನೆ `On Account` ಅಂತ ಬಿಟ್ಟರೆ ಏನಾಗುತ್ತದೆ ಗೊತ್ತಾ? ಲೆಡ್ಜರಿನಲ್ಲಿ 5 ಲಕ್ಷ ಜಮಾ, 4,72,000 ಖರ್ಚು, ಉಳಿದದ್ದು 28 ಸಾವಿರ ಜಮಾ. ನೋಡಿದವರಿಗೆ ಶಾಲೆಯಿಂದ ಬರಬೇಕಾದ್ದು ಏನೂ ಇಲ್ಲ, ನಾವೇ 28 ಸಾವಿರ ಕೊಡಬೇಕು ಅನ್ನಿಸುತ್ತದೆ. ನಿಜಕ್ಕೂ ಶಾಲೆ ಈಗಲೇ 2,72,000 ಕೊಡಬೇಕು. ಆ ಬಾಕಿ ವಸೂಲಿ ಮಾಡಲು ಯಾರೂ ಹೋಗುವುದಿಲ್ಲ, ಯಾಕಂದರೆ ಅದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ತಲುಪಿದ್ದು ಅಂದರೆ ಯಾವಾಗ?

ಮಾಲು ಕೊಟ್ಟಾಗ ಮಾರಾಟ ಅಂತ ಹೇಳಿಬಿಡುವುದು ಸುಲಭ. ಕೊಟ್ಟದ್ದು ಯಾವ ಕ್ಷಣದಲ್ಲಿ ಅನ್ನುವುದರಲ್ಲಿ ಜಗಳ ಇರುವುದು. ಸಣ್ಣ ಸಂಸ್ಥೆಗಳಿಗೆ ಅನ್ವಯಿಸುವ ಲೆಕ್ಕಪತ್ರ ಮಾನದಂಡ ಎಎಸ್-9. ಮಾಲಿನ ಒಡೆತನಕ್ಕೆ ಅಂಟಿಕೊಂಡ ಮುಖ್ಯವಾದ ಅಪಾಯ ಮತ್ತು ಲಾಭ ಕೊಂಡವನ ಕೈಗೆ ಹೋದಾಗ ಆದಾಯ ಬರೆಯಿರಿ ಅನ್ನುತ್ತದೆ ಅದು. ದೊಡ್ಡ ಕಂಪನಿಗಳಿಗೆ 2018ರ ಏಪ್ರಿಲ್‌ನಿಂದ ಇಂಡ್ ಎಎಸ್-115 ಬಂದಿದೆ. ಅದು ಹಿಡಿತ ಯಾರ ಕೈಗೆ ಹೋಯಿತು ಅಂತ ಕೇಳುತ್ತದೆ. ಡೆಸ್ಕಿನಂಥ ಸರಳ ಮಾಲಿಗೆ ಎರಡೂ ಸಾಮಾನ್ಯವಾಗಿ ಒಂದೇ ಉತ್ತರ ಕೊಡುತ್ತವೆ.

ನಮ್ಮ ವರ್ಕ್‌ಶಾಪಿನವರು ಮಾರ್ಚ್ 31ರ ಸಂಜೆ ಇನ್ನೂ 50 ಡೆಸ್ಕು ಲಾರಿಗೆ ತುಂಬಿಸಿ ಕಳಿಸಿದರು. ಬಿಲ್ಲು ಅದೇ ದಿನದ್ದು, ಇ-ವೇ ಬಿಲ್ಲೂ ಅದೇ ದಿನದ್ದು. ಶಾಲೆಯಲ್ಲಿ ಇಳಿದದ್ದು ಏಪ್ರಿಲ್ 1ರ ಬೆಳಿಗ್ಗೆ. ಇದು ಯಾವ ವರ್ಷದ ಮಾರಾಟ?

ಉತ್ತರ ಆರ್ಡರ್ ಪ್ರತಿಯಲ್ಲಿದೆ. 'ಎಕ್ಸ್ ವರ್ಕ್ಸ್', ಅಂದರೆ ವರ್ಕ್‌ಶಾಪಿನ ಬಾಗಿಲಲ್ಲೇ ಮಾಲು ಶಾಲೆಯದು ಅಂತ ಇದ್ದರೆ ಮಾರ್ಚ್ ಮಾರಾಟ. 'ಎಫ್‌ಒಆರ್ ಶಾಲೆ' ಅಂತಿದ್ದು, ದಾರಿಯಲ್ಲಿ ಡೆಸ್ಕು ಮುರಿದರೆ ನಷ್ಟ ವರ್ಕ್‌ಶಾಪಿನದು ಅಂತಿದ್ದರೆ ಏಪ್ರಿಲ್ ಮಾರಾಟ. 1930ರ ಸರಕು ಮಾರಾಟ ಕಾಯ್ದೆಯ ಮೂಲ ನಿಯಮವೂ ಇದೇ ದಿಕ್ಕಿನದು. ಎರಡೂ ಕಡೆಯವರು ಬೇರೆ ರೀತಿ ಒಪ್ಪಿಕೊಳ್ಳದಿದ್ದರೆ ಒಡೆತನ ಯಾರದೋ ನಷ್ಟವೂ ಅವರದೇ. ಆರ್ಡರಿನಲ್ಲಿ ಏನೂ ಬರೆದಿರದಿದ್ದರೆ ಲಾರಿ ಬಾಡಿಗೆ ಯಾರು ಕೊಟ್ಟರು, ವಿಮೆ ಯಾರ ಹೆಸರಲ್ಲಿತ್ತು, ಹಿಂದೆ ಮುರಿದ ಮಾಲನ್ನು ಯಾರು ಬದಲಿಸಿಕೊಟ್ಟರು ಅಂತ ನೋಡಬೇಕಾಗುತ್ತದೆ.

ಎಫ್‌ಒಆರ್ ಅಂತಲೇ ಹಿಡಿಯೋಣ. ಆಗ ಆ 50 ಡೆಸ್ಕು ಮಾರ್ಚ್ 31ಕ್ಕೆ ವರ್ಕ್‌ಶಾಪಿನ ದಾಸ್ತಾನು. ಒಂದಕ್ಕೆ 3,800ರಂತೆ 1,90,000, 'ದಾರಿಯಲ್ಲಿರುವ ಮಾಲು' ಅಂತ. ಅಡ್ವಾನ್ಸಿನ ಹೊಣೆ 3 ಲಕ್ಷ ಹಾಗೇ ಇರುತ್ತದೆ. ಆದರೆ ಜಿಎಸ್‌ಟಿ ಇದಕ್ಕೆ ಕಾಯುವುದಿಲ್ಲ. ಮಾಲು ಸಾಗಿಸಬೇಕಿದ್ದರೆ ಹೊರಡುವ ಮೊದಲೇ ಅಥವಾ ಹೊರಡುವಾಗ ಬಿಲ್ಲು ಆಗಬೇಕು ಅನ್ನುವುದು ಜಿಎಸ್‌ಟಿ ಕಾಯ್ದೆಯ 31ನೇ ವಿಭಾಗ. ಬಿಲ್ಲು ಮಾರ್ಚಿನದು, ಹಾಗಾಗಿ 2,50,000ದ ಮೇಲಿನ 45 ಸಾವಿರ ತೆರಿಗೆಯೂ ಮಾರ್ಚಿನದು. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಏಪ್ರಿಲ್ 20ರೊಳಗೆ ಕಟ್ಟಬೇಕು. ಈಗ ಜಿಎಸ್‌ಟಿಯಲ್ಲಿ ವರ್ಷದ ವಹಿವಾಟು 6,50,000, ಪುಸ್ತಕದಲ್ಲಿ 4 ಲಕ್ಷ. ಎರಡೂ ಸರಿ. ಅಂತರ ಯಾಕೆ ಬಂತು ಅಂತ ಒಂದು ಹಾಳೆಯಲ್ಲಿ ಬರೆದು, ಲಾರಿ ರಸೀದಿ ಮತ್ತು ಶಾಲೆಯವರು ಸಹಿ ಹಾಕಿದ ಚಲನ್ ಜೊತೆ ಇಟ್ಟರೆ ಸಾಕು. ಎರಡು ವರ್ಷದ ನಂತರ ನೋಟಿಸ್ ಬಂದಾಗ ನೆನಪಿನಿಂದ ಉತ್ತರ ಕೊಡಲು ಆಗುವುದಿಲ್ಲ.

ಜೋಡಿಸಿ ಕೊಡಬೇಕಾದ ಮಾಲಿಗೆ ಇನ್ನೊಂದು ಪ್ರಶ್ನೆ ಏಳುತ್ತದೆ. ಎಎಸ್-9ರ ಜೊತೆಗಿರುವ ಉದಾಹರಣೆಯಲ್ಲಿ ಟಿವಿ ಬರುತ್ತದೆ. ಡಬ್ಬಿ ಬಿಚ್ಚಿ ಕರೆಂಟಿಗೂ ಆಂಟೆನಾಗೂ ಜೋಡಿಸುವಷ್ಟೇ ಕೆಲಸ ಇದ್ದರೆ ಕೊಂಡವನು ಒಪ್ಪಿಕೊಂಡಾಗಲೇ ಆದಾಯ ಬರೆಯಬಹುದು. ಜೋಡಿಸುವುದೇ ದೊಡ್ಡ ಕೆಲಸವಾಗಿದ್ದರೆ ಅದು ಮುಗಿದು ಗ್ರಾಹಕ ಒಪ್ಪುವವರೆಗೆ ಕಾಯಬೇಕು. ಡೆಸ್ಕಿಗೆ ನಾಲ್ಕು ಬೋಲ್ಟು ಬಿಗಿಯುವುದು ಮೊದಲ ಗುಂಪಿಗೆ ಸೇರುತ್ತದೆ.

ಆದಾಯ ತೆರಿಗೆಯವರು ಇದಕ್ಕೆ ಬೇರೆ ದಾರಿ ಹಿಡಿದಿಲ್ಲ. ಮರ್ಕೆಂಟೈಲ್ ಪದ್ಧತಿಯಲ್ಲಿ, ಅಂದರೆ ದುಡ್ಡು ಕೈಗೆ ಬಂದಾಗಲ್ಲ, ಅದರ ಹಕ್ಕು ಹುಟ್ಟಿದಾಗ ಲೆಕ್ಕ ಬರೆಯುವವರಿಗೆ ಐಸಿಡಿಎಸ್-4 ಅನ್ನುವ ಮಾನದಂಡ ಇದೆ. ಮಾಲಿನ ಒಡೆತನ ಅಥವಾ ಅದರ ಮುಖ್ಯ ಅಪಾಯ, ಲಾಭ ಕೊಂಡವನಿಗೆ ಹೋದಾಗಲೇ ಆದಾಯ ಅನ್ನುತ್ತದೆ ಅದು. 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬರುವುದು 2026ರ ಏಪ್ರಿಲ್ 1ರಿಂದ. ವಿಭಾಗಗಳ ಸಂಖ್ಯೆ ಬದಲಾದರೂ ಈ ತತ್ವ ಹಾಗೇ ಇರುತ್ತದೆ. ಹಾಗಾಗಿ ಉಳಿದ 3 ಲಕ್ಷ ಅಡ್ವಾನ್ಸಿಗೆ ಈ ವರ್ಷ ಆದಾಯ ತೆರಿಗೆ ಇಲ್ಲ.

ಜಿಎಸ್‌ಟಿ ಬೇರೆ ಹಾದಿ

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಅಡ್ವಾನ್ಸ್ ಬಂದ ಕೂಡಲೇ ತೆರಿಗೆ ಕಟ್ಟಬೇಕಿತ್ತು, ಅದು ಸರಕಿರಲಿ ಸೇವೆಯಿರಲಿ. ಸಣ್ಣ ವ್ಯಾಪಾರಿಗಳು ಕಂಗಾಲಾದರು. ಮಾಲು ಇನ್ನೂ ತಯಾರಾಗಿಲ್ಲ, ಮರ ಕೊಳ್ಳಲು ಬಂದ ದುಡ್ಡಿನಲ್ಲಿ ತೆರಿಗೆ ಕಟ್ಟಬೇಕು. ಅಕ್ಟೋಬರ್ 13ರಂದು ಒಂದೂವರೆ ಕೋಟಿಯವರೆಗಿನ ವಹಿವಾಟಿನವರಿಗೆ ಸರಕಿನ ಅಡ್ವಾನ್ಸಿನಲ್ಲಿ ವಿನಾಯಿತಿ ಬಂತು. ನವೆಂಬರ್ 15ರ 66/2017ನೇ ಅಧಿಸೂಚನೆ ಅದನ್ನು, ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯವರನ್ನು ಬಿಟ್ಟು, ಎಲ್ಲರಿಗೂ ವಿಸ್ತರಿಸಿತು. ಅಲ್ಲಿಂದ ಇಲ್ಲಿಯವರೆಗೆ ಸರಕಿನ ಅಡ್ವಾನ್ಸಿಗೆ ಜಿಎಸ್‌ಟಿ ಇಲ್ಲ, ಬಿಲ್ಲು ಮಾಡಿದಾಗ ಕಟ್ಟಿದರೆ ಸಾಕು. ಡೆಸ್ಕಿನ 5 ಲಕ್ಷಕ್ಕೆ ಫೆಬ್ರುವರಿಯಲ್ಲಿ ಏನೂ ಕಟ್ಟಬೇಕಿಲ್ಲ. ಅಡ್ವಾನ್ಸ್ ಬಂದದ್ದಕ್ಕೆ ರಸೀದಿ ವೋಚರ್ ಕೊಡಬೇಕು ಅನ್ನುವ ನಿಯಮ ಮಾತ್ರ ಹಾಗೇ ಉಳಿದಿದೆ. ಅದನ್ನು ಪಾಲಿಸುವವರು ಎಷ್ಟು ಜನ ಅಂತ ಕೇಳಬೇಡಿ.

ಸೇವೆಗೆ ಈ ವಿನಾಯಿತಿ ಬರಲೇ ಇಲ್ಲ. ಇಲ್ಲಿಯೇ ಜನ ಎಡವುವುದು, ಯಾಕಂದರೆ ಒಂದೇ ಅಂಗಡಿ ಎರಡನ್ನೂ ಮಾಡುತ್ತದೆ. ಅದೇ ಶಾಲೆ ಸಭಾಂಗಣದ ಗೋಡೆಗೆ ಮರದ ಪ್ಯಾನೆಲ್, ವೇದಿಕೆಗೆ ನೆಲ, ಫಾಲ್ಸ್ ಸೀಲಿಂಗ್ ಹಾಕಿಕೊಡಿ ಅಂತ 6 ಲಕ್ಷದ ಇನ್ನೊಂದು ಕೆಲಸ ಕೊಟ್ಟಿತು ಅನ್ನಿ. ಕಟ್ಟಡಕ್ಕೆ ಸೇರಿಹೋಗುವ ಇಂಥ ಕೆಲಸ ವರ್ಕ್ಸ್ ಕಾಂಟ್ರಾಕ್ಟ್. ಅದರಲ್ಲಿ ಎಷ್ಟೇ ಮರ, ಮೊಳೆ ಇದ್ದರೂ ಜಿಎಸ್‌ಟಿ ಪ್ರಕಾರ ಅದು ಸೇವೆ. ಮಾಡುವ ಬಡಗಿಗಳು ಅವರೇ, ಮರ ಬರುವ ಅಂಗಡಿಯೂ ಅದೇ, ಆದರೆ ಅಡ್ವಾನ್ಸಿನ ನಿಯಮ ಪೂರ್ತಿ ಬೇರೆ.

ಈ ಕೆಲಸಕ್ಕೆ ಫೆಬ್ರುವರಿಯಲ್ಲಿ ತೆರಿಗೆ ಸೇರಿ 2,36,000 ಅಡ್ವಾನ್ಸ್ ಬಂತು. ಅದರೊಳಗಿನ ತೆರಿಗೆ ತೆಗೆಯಲು 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. 36 ಸಾವಿರ ಬರುತ್ತದೆ. (ನೇರವಾಗಿ ಶೇ 18 ತೆಗೆದು 42,480 ಕಟ್ಟುವವರೂ ಇದ್ದಾರೆ.) ಪುಸ್ತಕದಲ್ಲಿ 2 ಲಕ್ಷ ಶಾಲೆಗೆ ಹೊಣೆ, 36 ಸಾವಿರ ಸರ್ಕಾರಕ್ಕೆ ಹೊಣೆ. ಆದಾಯ ಇಲ್ಲಿಯೂ ಸೊನ್ನೆಯೇ. ಫೆಬ್ರುವರಿಯ ಜಿಎಸ್‌ಟಿಆರ್-1ರಲ್ಲಿ 11ಎ ಕೋಷ್ಟಕದಲ್ಲಿ ಈ ಅಡ್ವಾನ್ಸ್ ತೋರಿಸಿ, ಮಾರ್ಚ್ 20ರೊಳಗೆ ಜಿಎಸ್‌ಟಿಆರ್-3ಬಿಯಲ್ಲಿ ತೆರಿಗೆ ಕಟ್ಟಬೇಕು. ಮೇ ತಿಂಗಳಲ್ಲಿ ಕೆಲಸ ಮುಗಿದು ಪೂರ್ತಿ 6 ಲಕ್ಷಕ್ಕೆ ಬಿಲ್ಲು ಮಾಡಿದಾಗ ತೆರಿಗೆ 1,08,000. ಆಗ 11ಬಿಯಲ್ಲಿ ಹಳೆಯ 36 ಸಾವಿರ ಹೊಂದಿಸಿ, ಉಳಿದ 72 ಸಾವಿರ ಕಟ್ಟುವುದು. 11ಎಯಲ್ಲಿ ಹಾಕಿ 11ಬಿ ಮರೆತರೆ 36 ಸಾವಿರ ಎರಡು ಸಲ ಹೋಗುತ್ತದೆ. ಈ ಮರೆವು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ನಡೆಯುತ್ತದೆ, ಯಾಕಂದರೆ ನಡುವೆ ಮೂರು ತಿಂಗಳು ಕಳೆದಿರುತ್ತದೆ, ಕೆಲವೊಮ್ಮೆ ಅಕೌಂಟೆಂಟೇ ಬದಲಾಗಿರುತ್ತಾರೆ.

ಕೊಡುವ ಕಡೆಯವರಿಗೂ ಒಂದು ಕಷ್ಟ ಇದೆ. ಶಾಲೆಯ ಬದಲು ಒಂದು ಕಾರ್ಖಾನೆ ಯಂತ್ರ ರಿಪೇರಿಯಂಥ ಸೇವೆಗೆ ಅಡ್ವಾನ್ಸ್ ಕೊಟ್ಟಿದ್ದರೆ, ಅದು ಇನ್‌ಪುಟ್ ತೆರಿಗೆ ವಾಪಸ್ ಪಡೆಯಲು ಬಿಲ್ಲು ಬರುವವರೆಗೂ ಕಾಯಬೇಕು. ರಸೀದಿ ವೋಚರ್ ಹಿಡಿದುಕೊಂಡು ಕ್ರೆಡಿಟ್ ತೆಗೆದುಕೊಳ್ಳಲು ಬರುವುದಿಲ್ಲ. ಅಂದರೆ ಒಂದು ಕಡೆ ಸರ್ಕಾರಕ್ಕೆ ತೆರಿಗೆ ಸೇರಿದೆ, ಇನ್ನೊಂದು ಕಡೆ ಅದೇ ತೆರಿಗೆ ಕ್ರೆಡಿಟ್ಟಾಗಿ ಸಿಕ್ಕಿಲ್ಲ. ಸರಕಿಗೆ 2017ರಲ್ಲೇ ಕೊಟ್ಟ ವಿನಾಯಿತಿಯನ್ನು ಸಣ್ಣ ಸೇವಾದಾರರಿಗಾದರೂ ಕೊಡದೆ ಇರುವುದಕ್ಕೆ ಒಳ್ಳೆಯ ಕಾರಣ ನನಗಂತೂ ಕಾಣುವುದಿಲ್ಲ.

ಅದಕ್ಕೇ ಎರಡು ಕೆಲಸಕ್ಕೂ ಬೇರೆ ಬೇರೆ ಆರ್ಡರ್, ಬೇರೆ ಬೇರೆ ಅಡ್ವಾನ್ಸ್ ಇರುವುದು ಒಳ್ಳೆಯದು. ಶಾಲೆ ಎರಡಕ್ಕೂ ಸೇರಿಸಿ ಒಂದೇ ಚೆಕ್ 7,36,000ಕ್ಕೆ ಕೊಟ್ಟು, ಯಾವುದಕ್ಕೆ ಎಷ್ಟು ಅಂತ ಎಲ್ಲೂ ಬರೆಯದಿದ್ದರೆ, ಪೂರ್ತಿ ಮೊತ್ತ ಸೇವೆಯ ಅಡ್ವಾನ್ಸ್ ಅಂತ ಅಧಿಕಾರಿ ವಾದಿಸಲು ಬಾಗಿಲು ತೆರೆದಿಟ್ಟ ಹಾಗೆ. ನಾಲ್ಕು ಸಾಲಿನ ಇಮೇಲ್ ಇದನ್ನು ತಪ್ಪಿಸುತ್ತದೆ. ವಾಪಸ್ ಕೊಡುವ ಷರತ್ತಿನ ಠೇವಣಿಯದು ಮತ್ತೆ ಬೇರೆ. ಬೆಲೆಗೆ ಹೊಂದಿಸಿಕೊಳ್ಳುವವರೆಗೆ ಅದು ಪ್ರತಿಫಲವೇ ಅಲ್ಲ ಅಂತ ಕಾಯ್ದೆಯೇ ಹೇಳುತ್ತದೆ.

ತೆರಿಗೆ ದರ ನಡುವೆ ಬದಲಾದರೆ? 2025ರ ಸೆಪ್ಟೆಂಬರ್ 22ಕ್ಕೆ ಇದು ಅನೇಕರ ತಲೆ ತಿಂದಿತು. ಮದುವೆ ಮೇಕಪ್ಪಿಗೆ ಆಗಸ್ಟಿನಲ್ಲಿ ಅಡ್ವಾನ್ಸ್ ತೆಗೆದುಕೊಂಡ ಬ್ಯೂಟಿ ಪಾರ್ಲರ್ ಶೇ 18 ಕಟ್ಟಿತ್ತು. ಸೆಪ್ಟೆಂಬರ್ 22ರಿಂದ ಆ ಸೇವೆಗೆ ಶೇ 5 ಆಯಿತು, ಇನ್‌ಪುಟ್ ಕ್ರೆಡಿಟ್ ಇಲ್ಲದೆ. ಮದುವೆ ನವೆಂಬರಿನಲ್ಲಿ, ಬಿಲ್ಲೂ ಆಗಲೇ. ಕಾಯ್ದೆಯ 14ನೇ ವಿಭಾಗದ ಪ್ರಕಾರ ಸೇವೆ ಮತ್ತು ಬಿಲ್ಲು ಎರಡೂ ದರ ಬದಲಾದ ಮೇಲೆ ಆಗಿದ್ದರೆ, ದುಡ್ಡು ಮೊದಲೇ ಬಂದಿದ್ದರೂ ಹೊಸ ದರ. ದುಡ್ಡು, ಬಿಲ್ಲು ಎರಡೂ ಮೊದಲೇ ಆಗಿದ್ದರೆ ಹಳೆಯ ದರ. ಆಗಸ್ಟಿನಲ್ಲೇ ಪೂರ್ತಿ ದುಡ್ಡು ತೆಗೆದುಕೊಂಡು ಬಿಲ್ಲೂ ಕೊಟ್ಟುಬಿಟ್ಟವರು ಶೇ 18ಕ್ಕೇ ಸಿಕ್ಕಿಕೊಂಡರು, ರಸೀದಿ ವೋಚರ್ ಮಾತ್ರ ಕೊಟ್ಟವರು ಶೇ 5ಕ್ಕೆ ಬಂದರು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಆ ಚೀಟಿಗೆ ಇಲ್ಲಿ ಬೆಲೆ ಬಂತು.

ಟಿಡಿಎಸ್ ತರುವ ಗೊಂದಲ

ಡೆಸ್ಕಿನ ಅಡ್ವಾನ್ಸಿಗೆ ಗುತ್ತಿಗೆಯ ಟಿಡಿಎಸ್ ಬರುವುದಿಲ್ಲ. ವರ್ಕ್‌ಶಾಪ್ ತನ್ನದೇ ಮರ, ಕಬ್ಬಿಣ ಹಾಕಿ ಮಾಡಿಕೊಡುವುದರಿಂದ ಅದು ಮಾರಾಟ. ಪ್ಯಾನೆಲ್ ಕೆಲಸ ಗುತ್ತಿಗೆ. ಅದರಲ್ಲಿ ಬಿಲ್ಲು ಮತ್ತು ಪಾವತಿ ಇವೆರಡರಲ್ಲಿ ಯಾವುದು ಮೊದಲೋ ಆಗಲೇ ಟಿಡಿಎಸ್ ಕಡಿಯಬೇಕು, ಅಡ್ವಾನ್ಸಿಗೂ ಸೇರಿ. ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ 2 ಲಕ್ಷದ ಮೇಲೆ ಶೇ 2, ಅಂದರೆ 4 ಸಾವಿರ.

ಈಗ ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ವಿವರಪಟ್ಟಿ 26ಎಎಸ್‌ನಲ್ಲಿ ಈ ವರ್ಷವೇ 2 ಲಕ್ಷದ ಪಾವತಿ, 4 ಸಾವಿರ ಟಿಡಿಎಸ್ ಕಾಣುತ್ತದೆ. ಕೆಲಸ ಇನ್ನೂ ಶುರುವಾಗಿಲ್ಲ, ಆದಾಯ ಮುಂದಿನ ವರ್ಷದ್ದು. ರಿಟರ್ನ್ ತುಂಬುವವರು ಇಲ್ಲಿ ಎರಡು ಬಗೆಯಲ್ಲಿ ತಪ್ಪು ಮಾಡುತ್ತಾರೆ. ಒಬ್ಬರು 26ಎಎಸ್‌ಗೆ ಹೆದರಿ ಅಡ್ವಾನ್ಸನ್ನೇ ಆದಾಯ ಅಂತ ತೋರಿಸುತ್ತಾರೆ. ಇನ್ನೊಬ್ಬರು ಆದಾಯ ತೋರಿಸದೆ 4 ಸಾವಿರ ಟಿಡಿಎಸ್ ಮಾತ್ರ ಕೇಳುತ್ತಾರೆ, ಅದಕ್ಕೆ ತಕ್ಕ ಆದಾಯ ಎಲ್ಲಿ ಅಂತ ಪ್ರಶ್ನೆ ಬರುತ್ತದೆ. 1962ರ ಆದಾಯ ತೆರಿಗೆ ನಿಯಮಗಳ 37ಬಿಎ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಆದಾಯ ಯಾವ ವರ್ಷದ್ದೋ ಟಿಡಿಎಸ್ ಜಮೆಯೂ ಆ ವರ್ಷಕ್ಕೇ. ಈ ವರ್ಷದ ರಿಟರ್ನಿನ ಟಿಡಿಎಸ್ ಪಟ್ಟಿಯಲ್ಲಿ ಆ 4 ಸಾವಿರವನ್ನು ಮುಂದಕ್ಕೆ ಒಯ್ಯುತ್ತಿದ್ದೇವೆ ಅಂತ ತೋರಿಸಿ, ಮುಂದಿನ ವರ್ಷ ಕೇಳಬೇಕು.

ಅಡ್ವಾನ್ಸ್ ಹಳೆಯದಾದರೆ

ಇಲ್ಲಿಯವರೆಗೆ ಅಡ್ವಾನ್ಸನ್ನು ಬೇಗ ಆದಾಯ ಮಾಡುವ ತಪ್ಪು ನೋಡಿದೆವು. ಉಲ್ಟಾ ಆಟವೂ ಇದೆ. ಮಾಲು ಮಾರ್ಚಿನಲ್ಲೇ ಹೋಗಿದೆ, ಆದರೆ ಲಾಭ ಜಾಸ್ತಿಯಾಗುತ್ತದೆ ಅಂತ ಬಿಲ್ಲು ಮಾಡದೆ ಅಡ್ವಾನ್ಸ್ ಅಂತಲೇ ಬಿಟ್ಟಿರುತ್ತಾರೆ. ಆಡಿಟರ್ ಮಾರ್ಚಿನ ಕೊನೆಯ ವಾರದ ಚಲನ್, ಗೇಟ್ ಪುಸ್ತಕ, ಇ-ವೇ ಬಿಲ್ಲು ತೆಗೆದು ಏಪ್ರಿಲ್ ಮೊದಲ ವಾರದ ಬಿಲ್ಲುಗಳ ಜೊತೆ ಹೋಲಿಸಿದರೆ ಇದು ಹೊರಗೆ ಬರುತ್ತದೆ. ದಾಸ್ತಾನು ಎಣಿಸಿದರೆ ಇನ್ನೂ ಬೇಗ. ಪುಸ್ತಕದಲ್ಲಿ 120 ಡೆಸ್ಕು ಇರಬೇಕು, ಶೆಡ್ಡಿನಲ್ಲಿ 40 ಇವೆ ಅಂದರೆ ಉಳಿದವು ಎಲ್ಲಿಗೆ ಹೋದವು?

ಕೆಲವು ಅಡ್ವಾನ್ಸ್ ನಿಜಕ್ಕೂ ಅನಾಥವಾಗಿ ಬಿದ್ದಿರುತ್ತವೆ. ಗ್ರಾಹಕ ಆರ್ಡರ್ ಬಿಟ್ಟು ಹೋದ, ದುಡ್ಡು ಕೇಳಲೂ ಬರಲಿಲ್ಲ. ಒಪ್ಪಂದದ ಪ್ರಕಾರ ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಹಕ್ಕು ಬಂದ ದಿನ ಅದು ಆದಾಯ. ಹಕ್ಕು ಸ್ಪಷ್ಟವಿಲ್ಲದೆ ವರ್ಷಗಟ್ಟಲೆ ಇಟ್ಟುಕೊಂಡು, ಒಂದು ದಿನ ಸದ್ದಿಲ್ಲದೆ ಲಾಭದ ಖಾತೆಗೆ ಸರಿಸಿದರೂ ತೆರಿಗೆ ತಪ್ಪದು. ಟಿ.ವಿ. ಸುಂದರಂ ಅಯ್ಯಂಗಾರ್ ಸಂಸ್ಥೆಯ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ವ್ಯಾಪಾರದ ನಡುವೆ ಗ್ರಾಹಕರಿಂದ ಬಂದ ದುಡ್ಡು ಬಂದಾಗ ಆದಾಯವಾಗಿರಲಿಲ್ಲ. ಯಾರೂ ಕೇಳದೆ ಸಂಸ್ಥೆ ಅದನ್ನು ತನ್ನದು ಅಂತ ಲಾಭದ ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಆದಾಯವಾಯಿತು. ದುಡ್ಡು ವಾಪಸ್ ಕೊಟ್ಟರೆ ಜಿಎಸ್‌ಟಿಯಲ್ಲಿ ರೀಫಂಡ್ ವೋಚರ್ ಕೊಡಬೇಕು. ಸೇವೆಯ ಅಡ್ವಾನ್ಸ್ ಆಗಿದ್ದರೆ ಕಟ್ಟಿದ ತೆರಿಗೆಯನ್ನೂ ಹೊಂದಿಸಿಕೊಳ್ಳಬೇಕು.

ಪಾಲುದಾರಿಕೆ ಬದಲು ಇದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇನ್ನೂ ಒಂದು ಗಡುವು ಇದೆ. ಸರಕು ಅಥವಾ ಸೇವೆಗೆ ಬಂದ ಅಡ್ವಾನ್ಸ್ 365 ದಿನದೊಳಗೆ ಆ ವ್ಯವಹಾರಕ್ಕೆ ಹೊಂದಿಕೆಯಾಗಬೇಕು. ಆಗದಿದ್ದರೆ 2014ರ ಠೇವಣಿ ನಿಯಮಗಳ ಪ್ರಕಾರ ಅದು ಸಾರ್ವಜನಿಕರಿಂದ ಪಡೆದ ಠೇವಣಿಯ ಗುಂಪಿಗೆ ಜಾರುತ್ತದೆ. ಕೋರ್ಟಿನಲ್ಲಿ ವಿವಾದ ಇದ್ದರೆ ಮಾತ್ರ ಆ ದಿನಗಳ ಲೆಕ್ಕದಿಂದ ಬಿಡುಗಡೆ. ಪ್ರತಿ ಜೂನ್ 30ರೊಳಗೆ ಕಂಪನಿ ಸಲ್ಲಿಸುವ ಡಿಪಿಟಿ-3 ನಮೂನೆಯಲ್ಲಿ ಮಾರ್ಚ್ 31ಕ್ಕೆ ಉಳಿದ ಅಡ್ವಾನ್ಸಿನ ವಿವರ ಕೊಡಬೇಕು. ಅಲ್ಲಿ ದಿನಾಂಕವಾರು ಪಟ್ಟಿ ಇಲ್ಲದವರು ಒಟ್ಟು ಮೊತ್ತ ಬರೆದು ಕೈತೊಳೆದುಕೊಳ್ಳುತ್ತಾರೆ. ಅದರಲ್ಲಿ ಹೋದ ವರ್ಷದ ಫೆಬ್ರುವರಿಯದು ಎಷ್ಟು ಅಂತ ಯಾರಾದರೂ ಕೇಳಿದರೆ, ಬಿಲ್ಲುವಾರು ಹೊಂದಿಸದೆ `On Account` ಅಂತ ಬಿಟ್ಟ ಲೆಡ್ಜರಿನಿಂದ ಅದಕ್ಕೆ ಉತ್ತರ ಸಿಗುವುದಿಲ್ಲ.